ಪದಚರ್ಚೆ: 'ಅಲಿಗೇಶನ್' ಲೆಕ್ಕಕ್ಕೆ ಕನ್ನಡದಲ್ಲಿ ಏನನ್ನೋಣ?

ಪುಣೆಯಿಂದ

ಎಲ್ಲರಿಗೂ ನಮಸ್ಕಾರ. ವಿಜಯಪುರ, ಕಲಬುರಗಿ ಕಡೆಯಿಂದ ಇಲ್ಲಿಗೆ ಡಿ.ಫಾರ್ಮ್ ಓದಲು ಬಂದಿರುವ ಕೆಲವು ಮಕ್ಕಳಿಗೆ ಭಾನುವಾರ ಲೆಕ್ಕ ಹೇಳಿಕೊಡುತ್ತೇನೆ. ಪುಸ್ತಕ ಇಂಗ್ಲಿಷಿನದು, ಮಾತು ಕನ್ನಡದ್ದು. ಎರಡು ಕಡೆ ತೊಡಕಾಗುತ್ತಿದೆ.

ಒಂದು, ಅಲಿಗೇಶನ್, ಅಂದರೆ ಬೇರೆ ಬೇರೆ ಶೇಕಡಾದ ಎರಡನ್ನು ಬೆರೆಸಿ ನಡುವಿನ ಶೇಕಡಾದ್ದು ಮಾಡಲು ಯಾವುದು ಎಷ್ಟು ಪಾಲು ಬೇಕು ಅನ್ನುವ ಲೆಕ್ಕ. 95% ಮತ್ತು 50% ಆಲ್ಕೋಹಾಲ್ ಬೆರೆಸಿ 70%ದ್ದು 900 ಎಂಎಲ್ ಮಾಡಬೇಕು ಅಂದುಕೊಳ್ಳಿ. 95ರಲ್ಲಿ 70 ಕಳೆದರೆ 25, 70ರಲ್ಲಿ 50 ಕಳೆದರೆ 20. ಮಕ್ಕಳು ಆ 25ನ್ನು 95ರ ಎದುರಿಗೇ ಬರೆದುಬಿಡುತ್ತಾರೆ. ಹೆಸರಲ್ಲೇ ದಾರಿ ಕಾಣುವಂಥ ಪದ ಇದ್ದರೆ ಹೇಳಿ. ಇನ್ನೊಂದು, 'ನೀರು ಸೇರಿಸಿ 600 ಎಂಎಲ್ ಮಾಡಿ' ಅಂದರೆ ಕೆಲವರು 600 ಎಂಎಲ್ ನೀರನ್ನೇ ಸೇರಿಸುತ್ತಾರೆ. ಇದನ್ನು ಹೇಗೆ ಹೇಳೋಣ?

ಠಾಣೆಯಿಂದ

ಹೊಸ ಪದ ಯಾಕೆ? 'ತೆಳು ಮಾಡುವ ಲೆಕ್ಕ' ಸಾಕು. ಎಲ್ಲದಕ್ಕೂ C1V1 = C2V2 ಹಾಕಿದರೆ ಉತ್ತರ ಬರುತ್ತದೆ. ನಾನು ಕಾರ್ಖಾನೆಯಲ್ಲಿ ಆಸಿಡ್ ತೆಳು ಮಾಡುವಾಗ ಯಾವತ್ತೂ ಇದನ್ನೇ ಬಳಸಿದ್ದು.

ಮಾಪುಸಾದಿಂದ

ಇದು ನಮ್ಮ ಅಕ್ಕಸಾಲಿ ಲೆಕ್ಕ ಅಲ್ವಾ? 24 ಕ್ಯಾರೆಟ್ ಮತ್ತು 18 ಕ್ಯಾರೆಟ್ ಕರಗಿಸಿ 22 ಮಾಡಬೇಕಾದರೆ 24ರದ್ದು ಎರಡು ಪಾಲು, 18ರದ್ದು ಒಂದು ಪಾಲು. ನನ್ನ ಅಪ್ಪ ಬಾಯಲ್ಲೇ ಹೇಳುತ್ತಿದ್ದರು. ನಾವು ಇದಕ್ಕೆ 'ಬೆರಕೆ ಲೆಕ್ಕ' ಅನ್ನುತ್ತೇವೆ. ನೀವೂ ಹಾಗೇ ಅನ್ನಿ. ನೀರಿನ ಮಾತು ನಮ್ಮಲ್ಲಿ ಬರುವುದಿಲ್ಲ.

ಮಾಟುಂಗಾದಿಂದ

ಆಸ್ಪತ್ರೆಯ ಔಷಧ ವಿಭಾಗದಲ್ಲಿ ಬಹಳ ವರ್ಷ ಇದ್ದವಳು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಠಾಣೆಯ ಸರ್ ಹೇಳಿದ ಸೂತ್ರ ಸರಿ, ಆದರೆ ಬೆರೆಸುವುದು ಬರೀ ನೀರಾದಾಗ ಮಾತ್ರ. ಇಲ್ಲಿ ಎರಡನೇ ಬಾಟಲಿಯಲ್ಲೂ 50% ಆಲ್ಕೋಹಾಲ್ ಇದೆ. ಆ ಸೂತ್ರ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಪುಣೆಯವರ ಲೆಕ್ಕದಲ್ಲಿ ಕಳೆದು ಬಂದ ಅಂಕಿ ಅಡ್ಡಕ್ಕೆ ಹೋಗಬೇಕು. 95ರ ಎದುರು 20, 50ರ ಎದುರು 25. ಅಂದರೆ ನಾಲ್ಕು ಪಾಲಿಗೆ ಐದು ಪಾಲು, 400 ಎಂಎಲ್ ಮತ್ತು 500 ಎಂಎಲ್. ತಾಳೆ ನೋಡಿ: ಮೊದಲನೆಯದರಲ್ಲಿ 380 ಎಂಎಲ್ ಆಲ್ಕೋಹಾಲ್, ಎರಡನೆಯದರಲ್ಲಿ 250. ಒಟ್ಟು 630. ಅದು 900ರ 70%. ತಿರುವುಮುರುವು ಮಾಡಿದರೆ 75% ಬರುತ್ತದೆ. ಬರೆಯುವ ಮೊದಲೇ ತಪ್ಪು ಹಿಡಿಯಲು ಒಂದು ದಾರಿ ಇದೆ. 70 ಅನ್ನುವುದು 95ಕ್ಕಿಂತ 50ಕ್ಕೆ ಹತ್ತಿರ. ಹತ್ತಿರದ್ದೇ ಜಾಸ್ತಿ ಹೋಗಬೇಕು. ಅಷ್ಟು ನೋಡಿದರೆ ಅಂಕಿ ಎಲ್ಲಿ ಬರೆಯಬೇಕು ಅನ್ನುವುದು ತಾನಾಗೇ ಗೊತ್ತಾಗುತ್ತದೆ.

ಮೂಲ ಲ್ಯಾಟಿನ್ ಪದಕ್ಕೆ 'ಕಟ್ಟು' ಅಂತ ಅರ್ಥ. ಅಂಕಿಗಳನ್ನು ಗೆರೆ ಎಳೆದು ಕಟ್ಟುತ್ತಿದ್ದರು. ಹಾಗಾಗಿ ನನಗೆ 'ಅಡ್ಡಗಟ್ಟು ಲೆಕ್ಕ' ಹಿಡಿಸುತ್ತದೆ. 'ಬೆರಕೆ' ಬೇಡ. ಔಷಧದ ಮಾತಲ್ಲಿ ಅದು ಕಲಬೆರಕೆಯ ನೆನಪು ತರುತ್ತದೆ.

ಎರಡನೇ ಪ್ರಶ್ನೆ ನನಗೆ ಹೆಚ್ಚು ಮುಖ್ಯ. 90% ಆಲ್ಕೋಹಾಲಿನಿಂದ 60%ದ್ದು 600 ಎಂಎಲ್ ಬೇಕು. ನೀರು ಅಂದರೆ ಸೊನ್ನೆ. 60 ಪಾಲಿಗೆ 30 ಪಾಲು, ಅಂದರೆ 400 ಎಂಎಲ್ ಆಲ್ಕೋಹಾಲ್, 200 ಎಂಎಲ್ ನೀರು. ಪರೀಕ್ಷೆಯ ಕಾಗದದ ಮೇಲೆ ಸಾಮಾನ್ಯವಾಗಿ ಇದೇ ಉತ್ತರ. ಆದರೆ ನಿಜವಾಗಿ 200 ಅಳೆದು ಸುರಿದರೆ ಸಿಲಿಂಡರಿನಲ್ಲಿ 600 ಮುಟ್ಟುವುದಿಲ್ಲ. ಆಲ್ಕೋಹಾಲ್ ಮತ್ತು ನೀರು ಬೆರೆತಾಗ ಗಾತ್ರ ಕುಗ್ಗುತ್ತದೆ, ಜೊತೆಗೆ ಬಿಸಿಯೂ ಆಗುತ್ತದೆ. ಆದ್ದರಿಂದ 400 ಹಾಕಿ, ನೀರು ಬೆರೆಸಿ, ತಣ್ಣಗಾಗಲು ಬಿಟ್ಟು, ಆಮೇಲೆ ಗುರುತಿನ ತನಕ ತುಂಬಬೇಕು. ಕನ್ನಡದಲ್ಲಿ 'ಒಟ್ಟು 600 ಎಂಎಲ್ ಆಗುವಷ್ಟು ನೀರು' ಅನ್ನಿ. 'ಸೇರಿಸಿ' ಅನ್ನುವುದನ್ನು ಬಿಟ್ಟುಬಿಡಿ. ಚೀಟಿಯ ಹಳೆಯ 'ಕ್ಯೂ.ಎಸ್.' ಅನ್ನುವುದೂ ಇದನ್ನೇ ಹೇಳುತ್ತದೆ.

ಮಾಪುಸಾದ ಅಣ್ಣ ತೂಕದಲ್ಲಿ ಲೆಕ್ಕ ಹಿಡಿಯುತ್ತಾರೆ, ಅದಕ್ಕೇ ಅವರಿಗೆ ಈ ತೊಂದರೆ ಇಲ್ಲ. ಮುಲಾಮು ಕೂಡ ಹಾಗೇ. 10% ಮತ್ತು 2% ಮುಲಾಮು ಬೆರೆಸಿ 4% ಮಾಡುವಾಗ ಒಂದು ಗ್ರಾಮಿಗೆ ಮೂರು ಗ್ರಾಂ, ಕುಗ್ಗುವ ಮಾತಿಲ್ಲ.

ಠಾಣೆಯಿಂದ

ಎರಡನೇ ಬಾಟಲಿಯ ವಿಷಯ ಒಪ್ಪಿದೆ ಮೇಡಂ. 'ತೆಳು ಮಾಡುವ ಲೆಕ್ಕ' ನೀರಿಗೆ ಮಾತ್ರ ಇರಲಿ.

ಮಾಪುಸಾದಿಂದ

ಕಲಬೆರಕೆ ಬೇರೆ, ಬೆರಕೆ ಬೇರೆ. ಪಾಲು ಹೇಳಿಯೇ ಬೆರೆಸಿದರೆ ಅದರಲ್ಲಿ ಮೋಸ ಎಲ್ಲಿದೆ? 'ಅಡ್ಡಗಟ್ಟು' ಅಂದರೆ ನಮ್ಮ ಕಿವಿಗೆ ದಾರಿಯಲ್ಲಿ ತಡೆದು ನಿಲ್ಲಿಸಿದ ಹಾಗೆ ಕೇಳುತ್ತದೆ.

ಪುಣೆಯಿಂದ

'ಆಗುವಷ್ಟು' ಈ ವಾರದಿಂದಲೇ ಬಳಸುತ್ತೇನೆ, ಅಕ್ಕಾ. ಹತ್ತಿರದ್ದೇ ಜಾಸ್ತಿ ಅನ್ನುವುದನ್ನೂ ಹಲಗೆ ಮೇಲೆ ಬರೆಯುತ್ತೇನೆ. ಹೆಸರಿಗೆ 'ಅಡ್ಡಗೆರೆ ಲೆಕ್ಕ' ಅಂದರೆ ಇಬ್ಬರಿಗೂ ಒಪ್ಪಿಗೆಯಾ? ಮೂರು ಬಾಟಲಿ ಬೆರೆಸುವ ಪ್ರಶ್ನೆ ಬಂದಾಗ ಗೆರೆಗಳು ಎರಡು ಜೋಡಿ ಆಗುತ್ತವೆ. ಆಗಲೂ ಈ ಹೆಸರು ನಿಲ್ಲುತ್ತದಾ, ತಿಳಿದವರು ಹೇಳಿ.