ಮೆಂಥಾಲಿನ ಕುರ್ಚಿ ರೂಪ: ನೀವು ಹೇಗೆ ಬರೆದಿರಿ?

ಬಿ.ಎಸ್ಸಿ. ಅಂತಿಮ ವರ್ಷ, ದಾವಣಗೆರೆ: (−)-ಮೆಂಥಾಲಿನ ಚಪ್ಪಟೆ ಚಿತ್ರವನ್ನು ಕುರ್ಚಿ ರೂಪಕ್ಕೆ ತಂದಾಗಲೆಲ್ಲ ನನಗೆ ಮೀಥೈಲ್ ಆಕ್ಸಿಯಲ್ ಸ್ಥಾನದಲ್ಲಿ ಬರುತ್ತದೆ, ಪುಸ್ತಕದಲ್ಲಿ ಮಾತ್ರ ಮೂರೂ ಗುಂಪುಗಳು ಈಕ್ವಟೋರಿಯಲ್ ಆಗಿವೆ. ಯಾವ ಕ್ರಮದಲ್ಲಿ ಬರೆಯುತ್ತೀರಿ, ಯಾವುದು ಹೆಚ್ಚು ಸ್ಥಿರವೆಂದು ಹೇಗೆ ನಿರ್ಧರಿಸುತ್ತೀರಿ? ಅನುಭವವಿರುವವರು ದಯವಿಟ್ಟು ತಿಳಿಸಿ.

ನಿವೃತ್ತ ಉಪನ್ಯಾಸಕಿ, ಶಿವಮೊಗ್ಗ: ನಾನು ತರಗತಿಯಲ್ಲಿ ಕುರ್ಚಿಯನ್ನು ಬರೆಯುವುದಕ್ಕೆ ಮೊದಲೇ ಚಪ್ಪಟೆ ಉಂಗುರದ ಪ್ರತಿ ಇಂಗಾಲದ ಪಕ್ಕದಲ್ಲಿ ‘ಮೇಲೆ’ ಅಥವಾ ‘ಕೆಳಗೆ’ ಎಂದು ಬರೆಸುತ್ತಿದ್ದೆ. ಮೇಲಿನಿಂದ ನೋಡಿದಂತೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಎಣಿಸಿದರೆ (−)-ಮೆಂಥಾಲಿನಲ್ಲಿ 1ನೇ ಇಂಗಾಲದ ಹೈಡ್ರಾಕ್ಸಿಲ್ ಮೇಲೆ, 2ನೆಯದರ ಐಸೊಪ್ರೊಪೈಲ್ ಕೆಳಗೆ, 5ನೆಯದರ ಮೀಥೈಲ್ ಮೇಲೆ ಇರುತ್ತವೆ. ಇಷ್ಟು ಬರೆದಿಟ್ಟ ಮೇಲೆ ಚಪ್ಪಟೆ ಚಿತ್ರದ ಕಡೆಗೆ ತಿರುಗಿ ನೋಡುವ ಅಗತ್ಯವೇ ಇಲ್ಲ.

ಈಗ ಕುರ್ಚಿಯನ್ನು ಬರೆದು, 1ನೇ ಇಂಗಾಲದ ಆಕ್ಸಿಯಲ್ ಬಂಧ ಕೆಳಮುಖವಾಗಿರುವಂತೆ ಅದೇ ದಿಕ್ಕಿನಲ್ಲಿ ಸಂಖ್ಯೆ ಹಾಕಿರಿ. ಆಕ್ಸಿಯಲ್ ಬಂಧಗಳು ಒಂದು ಬಿಟ್ಟೊಂದು ಮೇಲೆ ಕೆಳಗೆ ಆಗುವುದರಿಂದ 2ನೆಯದರಲ್ಲಿ ಅದು ಮೇಲ್ಮುಖವಾಗಿ, 5ನೆಯದರಲ್ಲಿ ಮತ್ತೆ ಕೆಳಮುಖವಾಗಿ ಇರುತ್ತದೆ. 1ರಲ್ಲಿ ಗುಂಪು ಮೇಲಿದೆ, ಆಕ್ಸಿಯಲ್ ಕೆಳಗಿದೆ, ಹಾಗಾದರೆ ಹೈಡ್ರಾಕ್ಸಿಲ್ ಈಕ್ವಟೋರಿಯಲ್. 2ರಲ್ಲಿ ಗುಂಪು ಕೆಳಗಿದೆ, ಆಕ್ಸಿಯಲ್ ಮೇಲಿದೆ, ಆದ್ದರಿಂದ ಐಸೊಪ್ರೊಪೈಲ್ ಕೂಡ ಈಕ್ವಟೋರಿಯಲ್. 5ರ ಮೀಥೈಲಿನದೂ ಇದೇ ಕಥೆ.

ನಿಮ್ಮ ಮೀಥೈಲ್ ಆಕ್ಸಿಯಲ್ ಆಗುತ್ತಿದ್ದರೆ ನೀವು ಅದನ್ನು 4ನೇ ಇಂಗಾಲದ ಮೇಲೆ ಕೂರಿಸುತ್ತಿದ್ದೀರಿ ಎಂದು ನನ್ನ ಊಹೆ, ಏಕೆಂದರೆ 4ರಲ್ಲಿ ಆಕ್ಸಿಯಲ್ ಬಂಧ ಮೇಲ್ಮುಖವಾಗಿರುತ್ತದೆ. ಇನ್ನೊಂದು ಎಚ್ಚರವೂ ಇರಲಿ: ಕುರ್ಚಿಯಲ್ಲಿ ಸಂಖ್ಯೆಗಳನ್ನು ವಿರುದ್ಧ ದಿಕ್ಕಿನಲ್ಲಿ ಹಾಕಿ ಮೇಲೆ ಕೆಳಗೆಗಳನ್ನು ಹಾಗೆಯೇ ಉಳಿಸಿಕೊಂಡರೆ ಮೂರೂ ಈಕ್ವಟೋರಿಯಲ್ ಆಗಿಯೇ ಬರುತ್ತವೆ, ಆದರೆ ನೀವು ಬರೆದದ್ದು (+)-ಮೆಂಥಾಲ್ ಆಗಿರುತ್ತದೆ. ಸ್ಥಿರತೆಯ ಉತ್ತರ ಸರಿಯಾಗಿರುವುದರಿಂದ ಈ ತಪ್ಪು ಕಣ್ಣಿಗೇ ಬೀಳುವುದಿಲ್ಲ.

ತರಬೇತಿ ಕೇಂದ್ರದ ಶಿಕ್ಷಕ, ಹುಬ್ಬಳ್ಳಿ: ಮೇಡಂ ಹೇಳಿದ್ದು ಸರಿಯೇ, ಆದರೆ ಪ್ರವೇಶ ಪರೀಕ್ಷೆಯಲ್ಲಿ ಅಷ್ಟು ಹೊತ್ತು ಯಾರಿಗೂ ಇರುವುದಿಲ್ಲ. ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುವುದು ಒಂದೇ ಮಾತು: ಅತಿ ದೊಡ್ಡ ಗುಂಪನ್ನು ಮೊದಲು ಈಕ್ವಟೋರಿಯಲ್ ಸ್ಥಾನದಲ್ಲಿ ಕೂರಿಸಿ, ಉಳಿದವು ಎಲ್ಲಿಗೆ ಬೀಳುತ್ತವೆಯೋ ಬೀಳಲಿ. ಮೆಂಥಾಲಿನಲ್ಲಿ ಐಸೊಪ್ರೊಪೈಲನ್ನು ಕೂರಿಸಿದರೆ ಹೈಡ್ರಾಕ್ಸಿಲ್ ಅದಕ್ಕೆ ಟ್ರಾನ್ಸ್, ಮೀಥೈಲ್ ಕೂಡ ಟ್ರಾನ್ಸ್. 1,2 ಟ್ರಾನ್ಸ್ ಮತ್ತು 1,4 ಟ್ರಾನ್ಸ್ ಎರಡೂ ಈಕ್ವಟೋರಿಯಲ್ ಜೋಡಿಗಳೇ, ಅಲ್ಲಿಗೆ ಮುಗಿಯಿತು. ಲೆಕ್ಕ ಬೇಕೆಂದರೆ ಮೀಥೈಲಿಗೆ 1.7, ಐಸೊಪ್ರೊಪೈಲಿಗೆ 2.2, ಹೈಡ್ರಾಕ್ಸಿಲಿಗೆ 0.9 ಕಿಲೊಕ್ಯಾಲರಿ ಕೂಡಿಸಿ 4.8 ಎನ್ನಿ. ಕೊಠಡಿಯ ಉಷ್ಣತೆಯಲ್ಲಿ ಪ್ರತಿ 1.4 ಕಿಲೊಕ್ಯಾಲರಿಗೆ ಹತ್ತು ಪಟ್ಟು ವ್ಯತ್ಯಾಸವಾಗುವುದರಿಂದ ಮೂರೂ ಆಕ್ಸಿಯಲ್ ಆಗಿರುವ ಕುರ್ಚಿ ಕೆಲವು ಸಾವಿರ ಅಣುಗಳಲ್ಲಿ ಒಂದಕ್ಕಿಂತ ಹೆಚ್ಚಿರುವುದಿಲ್ಲ.

ಎಂ.ಎಸ್ಸಿ. ಮುಗಿಸಿದವನು, ಕಲಬುರಗಿ: ‘ಮೂರೂ ಈಕ್ವಟೋರಿಯಲ್’ ಎಂಬ ಈ ಕಂಠಪಾಠದಿಂದಲೇ ನನ್ನ ಅಂಕಗಳು ಹೋದವು. ನಮ್ಮ ಪತ್ರಿಕೆಯಲ್ಲಿ ಕೇಳಿದ್ದು ಮೆಂಥಾಲ್ ಅಲ್ಲ, ಐಸೊಮೆಂಥಾಲ್. ಅದರಲ್ಲಿ ಹೈಡ್ರಾಕ್ಸಿಲ್ ಮತ್ತು ಐಸೊಪ್ರೊಪೈಲ್ ಟ್ರಾನ್ಸ್ ಆಗಿಯೇ ಇರುತ್ತವೆ, ಮೀಥೈಲ್ ಮಾತ್ರ ಐಸೊಪ್ರೊಪೈಲಿಗೆ ಸಿಸ್ ಆಗಿರುತ್ತದೆ. ಹೀಗಾಗಿ ಒಂದು ಕುರ್ಚಿಯಲ್ಲಿ ಮೀಥೈಲ್ ಒಂದೇ ಆಕ್ಸಿಯಲ್, ಇನ್ನೊಂದರಲ್ಲಿ ಉಳಿದೆರಡೂ ಆಕ್ಸಿಯಲ್, 1.7ನ್ನು 3.1ರ ಎದುರು ಇಟ್ಟು ನಾನು ಮೊದಲನೆಯದನ್ನು ಆರಿಸಿದೆ. ಮೌಲ್ಯಮಾಪಕರು ಅಡ್ಡಗೆರೆ ಎಳೆದು ಪಕ್ಕದಲ್ಲಿ ‘ಎಲ್ಲವೂ ಈಕ್ವಟೋರಿಯಲ್ ಆಗಬೇಕು’ ಎಂದು ಬರೆದು ಸೊನ್ನೆ ಕೊಟ್ಟರು. ಆ ಅಣುವಿನಲ್ಲಿ ಅದು ಸಾಧ್ಯವೇ ಇಲ್ಲ, ಬಂಧ ಮುರಿದು ಮತ್ತೆ ಜೋಡಿಸಿದರೆ ಮಾತ್ರ ಸಾಧ್ಯ!

ಉತ್ತರ ಪತ್ರಿಕೆಯ ನಕಲಿಗೆ 500 ರೂಪಾಯಿ, ಮರುಮೌಲ್ಯಮಾಪನಕ್ಕೆ 800 ರೂಪಾಯಿ, ಡಿಡಿ ತೆಗೆಸಲು ಬ್ಯಾಂಕಿನ ಶುಲ್ಕ ಬೇರೆ, ಅರ್ಜಿಯನ್ನು ಕೈಯಾರೆ ಕೊಡಬೇಕೆಂದು ಹೇಳಿದ್ದರಿಂದ ಬಸ್ಸಿನ ಖರ್ಚು ಇನ್ನೂ ಬೇರೆ. ಕೊನೆಗೆ 2 ಅಂಕ ಸೇರಿಸಿದರು, ಅದೂ ಪೂರ್ತಿ ಪ್ರಶ್ನೆಗಲ್ಲ. ಅಷ್ಟರಲ್ಲಿ ಪ್ರವೇಶದ ಪಟ್ಟಿ ಹೊರಬಿದ್ದಿತ್ತು. ದಾವಣಗೆರೆಯವರೇ, ನಿಮ್ಮ ಚಿತ್ರ ನಿಜವಾಗಿ ಮೆಂಥಾಲಿನದೇ ಎಂಬುದನ್ನು ಮೊದಲು ನೋಡಿಕೊಳ್ಳಿ. ಮೀಥೈಲ್ ಒಂದೇ ಆಕ್ಸಿಯಲ್ ಆಗಿ ಬರುವುದು ಐಸೊಮೆಂಥಾಲಿನ ಸರಿಯಾದ ಉತ್ತರವೂ ಹೌದು.

ತರಬೇತಿ ಕೇಂದ್ರದ ಶಿಕ್ಷಕ, ಹುಬ್ಬಳ್ಳಿ: ಒಬ್ಬ ಮೌಲ್ಯಮಾಪಕರು ಅವಸರದಲ್ಲಿ ಮಾಡಿದ್ದಕ್ಕೆ ನನ್ನ ಸೂತ್ರವನ್ನು ದೂರುವುದು ನ್ಯಾಯವಲ್ಲ. ಐಸೊಮೆಂಥಾಲಿನಲ್ಲಿಯೂ ದೊಡ್ಡ ಗುಂಪು ಈಕ್ವಟೋರಿಯಲ್ ಆಗಿಯೇ ಉಳಿಯಿತಲ್ಲ! ಸೂತ್ರ ಎಲ್ಲಿ ತಪ್ಪಿತು?

ನಿವೃತ್ತ ಉಪನ್ಯಾಸಕಿ, ಶಿವಮೊಗ್ಗ: ಸೂತ್ರ ತಪ್ಪುವ ಕಡೆ ತೋರಿಸುತ್ತೇನೆ. ಒಂದೇ ಇಂಗಾಲದ ಮೇಲೆ ಫೀನೈಲ್ ಮತ್ತು ಮೀಥೈಲ್ ಎರಡೂ ಇರುವ 1-ಮೀಥೈಲ್-1-ಫೀನೈಲ್‌ಸೈಕ್ಲೊಹೆಕ್ಸೇನನ್ನು ತೆಗೆದುಕೊಳ್ಳಿ. ಬಿಡಿಯಾಗಿ ನೋಡಿದರೆ ಫೀನೈಲಿನ ಬೆಲೆ 2.8, ಮೀಥೈಲಿನದು 1.7, ನಿಮ್ಮ ಪ್ರಕಾರ ಫೀನೈಲ್ ಈಕ್ವಟೋರಿಯಲ್ ಆಗಬೇಕು. ವಾಸ್ತವದಲ್ಲಿ ಫೀನೈಲ್ ಆಕ್ಸಿಯಲ್ ಆಗಿರುವ ಕುರ್ಚಿಯೇ ತುಸು ಹೆಚ್ಚು ಸ್ಥಿರ. ಫೀನೈಲ್ ಒಂಟಿಯಾಗಿ ಈಕ್ವಟೋರಿಯಲ್ ಸ್ಥಾನದಲ್ಲಿದ್ದಾಗ ತನಗೆ ಹಿತವಾದ ಕೋನದಲ್ಲಿ ತಿರುಗಿ ನಿಲ್ಲುತ್ತದೆ. ಪಕ್ಕದಲ್ಲೇ ಮೀಥೈಲ್ ಬಂದು ಕುಳಿತರೆ ಆ ಕೋನ ಉಳಿಯುವುದಿಲ್ಲ.

ನಿಮ್ಮ 4.8 ಕೂಡ ಅರ್ಧ ಲೆಕ್ಕ. ಆ ಬೆಲೆಗಳು ಒಂದೊಂದೇ ಗುಂಪಿರುವ ಉಂಗುರಗಳಿಂದ ಬಂದವು, ಅಂದರೆ ಆಕ್ಸಿಯಲ್ ಗುಂಪು ಎದುರಿಗಿರುವ ಎರಡು ಹೈಡ್ರೋಜನ್‌ಗಳನ್ನು ಒತ್ತುವುದಕ್ಕೆ ತೆರಬೇಕಾದ ದಂಡ. ಮೆಂಥಾಲಿನ ಕುರ್ಚಿ ಮಗುಚಿದಾಗ 1ರ ಹೈಡ್ರಾಕ್ಸಿಲ್ ಮತ್ತು 5ರ ಮೀಥೈಲ್ ಒಂದೇ ಬದಿಯಲ್ಲಿ ಮುಖಾಮುಖಿಯಾಗಿ ನಿಲ್ಲುತ್ತವೆ. ಅಲ್ಲಿ ಹೈಡ್ರೋಜನ್ ಅಲ್ಲ, ಗುಂಪಿಗೆ ಗುಂಪೇ ಎದುರಾಗುವುದರಿಂದ ದಂಡ ಇನ್ನೂ ಹೆಚ್ಚು. ಇತ್ತ ಮೂರೂ ಈಕ್ವಟೋರಿಯಲ್ ಆಗಿರುವ ಕುರ್ಚಿಯಲ್ಲಿ ಹೈಡ್ರಾಕ್ಸಿಲ್ ಮತ್ತು ಐಸೊಪ್ರೊಪೈಲ್ ಗೋಷ್ ನೆರೆಹೊರೆಯವರು, ಅದಕ್ಕೂ ಸಣ್ಣ ದಂಡವಿದೆ. ಯಾವುದು ಸ್ಥಿರ ಎಂಬ ತೀರ್ಪು ಬದಲಾಗುವುದಿಲ್ಲ, ಆದರೆ 4.8 ಎಂಬ ಅಂಕಿಯನ್ನು ಉತ್ತರವಾಗಿ ಬರೆಯಬಾರದು.

ಮಾದರಿ ಕಿಟ್ ಕೊಂಡವನು, ಮೈಸೂರು: ಕಾಗದದ ಮೇಲೆ ಇಷ್ಟು ಜಗಳವಾಡುವ ಬದಲು ಒಂದು ಅಣುಮಾದರಿ ಕಿಟ್ ಕೊಳ್ಳಿ. ನಾನು ಮೊದಲು ಕೊಂಡದ್ದು 450 ರೂಪಾಯಿಯದು, ಅದರ ಪ್ಲಾಸ್ಟಿಕ್ ಕಡ್ಡಿಗಳು ಕುರ್ಚಿಯನ್ನು ಮಗುಚುವಾಗಲೇ ಮುರಿದವು. ಅಂಗಡಿಯವರು ಬಿಡಿ ಕಡ್ಡಿ ಮಾರುವುದಿಲ್ಲವೆಂದರು, ಹಾಗಾಗಿ ಇನ್ನೊಂದನ್ನು 1,350 ಕೊಟ್ಟು ತರಿಸಿದೆ, ಅದರಲ್ಲಿ ಇಂಗಾಲದ ಚೆಂಡುಗಳು ಸಾಲದೆ ಐಸೊಪ್ರೊಪೈಲಿಗೆ ಸಾರಜನಕದ ನೀಲಿ ಚೆಂಡುಗಳನ್ನು ಸಿಕ್ಕಿಸಬೇಕಾಯಿತು. ಆದರೂ ಆ ಹಣದ ಬಗ್ಗೆ ನನಗೆ ಬೇಸರವಿಲ್ಲ. ಕೈಯಲ್ಲಿ ಮಗುಚಿ ನೋಡಿದಾಗ ಮೇಲಿದ್ದ ಗುಂಪು ಮೇಲೆಯೇ ಉಳಿದು ಆಕ್ಸಿಯಲ್ ಮಾತ್ರ ಈಕ್ವಟೋರಿಯಲ್ ಆಗುವುದು ಕಾಣುತ್ತದೆ. ಕುರ್ಚಿ ಮಗುಚಿದರೆ ಸಿಸ್ ಹೋಗಿ ಟ್ರಾನ್ಸ್ ಆಗುತ್ತದೆಂದು ವಾದಿಸುತ್ತಿದ್ದ ನನ್ನ ಗೆಳೆಯ ಅಂದೇ ಬಾಯಿ ಮುಚ್ಚಿದ.

ತರಬೇತಿ ಕೇಂದ್ರದ ಶಿಕ್ಷಕ, ಹುಬ್ಬಳ್ಳಿ: ಪರೀಕ್ಷಾ ಕೊಠಡಿಗೆ ಕಿಟ್ ಬಿಡುತ್ತಾರೆಯೇ, ಸ್ವಾಮಿ?

ಮಾದರಿ ಕಿಟ್ ಕೊಂಡವನು, ಮೈಸೂರು: ನಿಮ್ಮ ಶುಲ್ಕದ ರಸೀದಿಯನ್ನೂ ಬಿಡುವುದಿಲ್ಲ, ಸರ್. ಅದರ ಮುಂದೆ ನನ್ನ ಎರಡೂ ಕಿಟ್‌ಗಳು ಅಗ್ಗವೇ.

ಔಷಧ ವಿಜ್ಞಾನದ ವಿದ್ಯಾರ್ಥಿ, ಮಂಗಳೂರು: ದೋಣಿ ರೂಪದ ಬಗ್ಗೆ ಯಾರೂ ಹೇಳುತ್ತಿಲ್ಲವಲ್ಲ. ಕುರ್ಚಿಗಿಂತ ತಿರುಚಿದ ದೋಣಿ ಸುಮಾರು 5.5 ಕಿಲೊಕ್ಯಾಲರಿ ಮೇಲಿದೆ ಎಂದು ಓದಿದ್ದೇನೆ, ಆದರೆ ಟ್ರಾನ್ಸ್-1,3-ಡೈ-ಟರ್ಷಿಯರಿ-ಬ್ಯುಟೈಲ್ ಸೈಕ್ಲೊಹೆಕ್ಸೇನಿನಲ್ಲಿ ಯಾವ ಕುರ್ಚಿ ಬರೆದರೂ ಒಂದು ಟರ್ಷಿಯರಿ ಬ್ಯುಟೈಲ್ ಆಕ್ಸಿಯಲ್ ಆಗಲೇಬೇಕು, ಅದಕ್ಕಾಗಿ ಆ ಅಣು ಕುರ್ಚಿಯನ್ನೇ ಬಿಟ್ಟು ತಿರುಚಿದ ದೋಣಿಗೆ ಹೋಗುತ್ತದೆ. ನಮ್ಮ ಸೆಮಿನಾರಿನಲ್ಲಿ ಇದನ್ನೇ ಹೇಳಿ ಚಪ್ಪಾಳೆ ಪಡೆದೆ. ಮೆಂಥಾಲ್ ಕೂಡ ದೋಣಿಯಾಗಿರಬಹುದಲ್ಲವೇ?

ನಿವೃತ್ತ ಉಪನ್ಯಾಸಕಿ, ಶಿವಮೊಗ್ಗ: ಇಲ್ಲ. ಮೂರು ಗುಂಪುಗಳಿಗೂ ಈಕ್ವಟೋರಿಯಲ್ ಜಾಗ ಸಿಕ್ಕಿರುವ ಅಣುವಿಗೆ ಕುರ್ಚಿ ಬಿಡುವ ಕಾರಣವೇ ಇಲ್ಲ. ನಿಮ್ಮ ಉದಾಹರಣೆ ಸರಿ, ಪ್ರಶ್ನೆ ಬೇರೆ. ಐಸೊಪ್ರೊಪೈಲ್ ಆಕ್ಸಿಯಲ್ ಆದರೂ ತನ್ನ ಒಂಟಿ ಹೈಡ್ರೋಜನನ್ನು ಉಂಗುರದ ಒಳಮುಖಕ್ಕೆ ತಿರುಗಿಸಿ ಮೀಥೈಲ್‌ಗಳನ್ನು ಹೊರಗಿಟ್ಟುಕೊಳ್ಳುತ್ತದೆ, ಅದರ ಬೆಲೆ ಮೀಥೈಲಿಗಿಂತ ಸ್ವಲ್ಪವೇ ಹೆಚ್ಚಿರುವುದು ಅದಕ್ಕೇ. ಟರ್ಷಿಯರಿ ಬ್ಯುಟೈಲಿಗೆ ತಿರುಗಿಸಲು ಹೈಡ್ರೋಜನ್ ಇಲ್ಲ, ಅದರ ಬೆಲೆ ಒಮ್ಮೆಲೇ 5ರ ಹತ್ತಿರಕ್ಕೆ ಜಿಗಿಯುತ್ತದೆ.

ಸಂಶೋಧಕಿ, ಬೆಂಗಳೂರು: ನೀವೆಲ್ಲ ಸ್ಥಿರವಾದ ಕುರ್ಚಿ ಸಿಕ್ಕ ತಕ್ಷಣ ಪೆನ್ನು ಕೆಳಗಿಡುತ್ತೀರಿ, ನನ್ನ ಕೆಲಸ ಅಲ್ಲಿಂದಲೇ ಶುರುವಾಗಿತ್ತು. ಮೆಂಥೈಲ್ ಕ್ಲೋರೈಡಿನಿಂದ ಸೋಡಿಯಂ ಎಥಾಕ್ಸೈಡ್ ಬಳಸಿ ಹೈಡ್ರೋಜನ್ ಕ್ಲೋರೈಡನ್ನು ತೆಗೆಯಬೇಕಿತ್ತು. ಅದರ ಸ್ಥಿರ ಕುರ್ಚಿಯಲ್ಲಿ ಕ್ಲೋರಿನ್ ಈಕ್ವಟೋರಿಯಲ್, ಆದರೆ ಈ ಕ್ರಿಯೆಗೆ ಕ್ಲೋರಿನ್ ಮತ್ತು ಹೈಡ್ರೋಜನ್ ಎರಡೂ ಆಕ್ಸಿಯಲ್ ಆಗಿ ಎದುರುಬದುರು ಮುಖ ಮಾಡಿರಬೇಕು. ಹಾಗಾಗಿ ಅಣು ಮೊದಲು ಮೂರೂ ಗುಂಪು ಆಕ್ಸಿಯಲ್ ಆಗುವ ಕುರ್ಚಿಗೆ ಮಗುಚಬೇಕು. ಅಲ್ಲಿಯೂ 2ನೇ ಇಂಗಾಲದಲ್ಲಿ ಆಕ್ಸಿಯಲ್ ಜಾಗವನ್ನು ಐಸೊಪ್ರೊಪೈಲ್ ಹಿಡಿದಿರುವುದರಿಂದ 6ರ ಹೈಡ್ರೋಜನ್ ಒಂದೇ ಉಳಿಯುತ್ತದೆ, ಸಿಗುವುದು 2-ಮೆಂಥೀನ್ ಮಾತ್ರ. ನಿಯೊಮೆಂಥೈಲ್ ಕ್ಲೋರೈಡಿನಲ್ಲಿ ಕ್ಲೋರಿನ್ ಸ್ಥಿರ ಕುರ್ಚಿಯಲ್ಲಿಯೇ ಆಕ್ಸಿಯಲ್, ಅದು ಸುಮಾರು 200 ಪಟ್ಟು ವೇಗವಾಗಿ ಕ್ರಿಯೆಗೊಳಗಾಗಿ ಹೆಚ್ಚಾಗಿ 3-ಮೆಂಥೀನನ್ನು ಕೊಡುತ್ತದೆ. ಇದನ್ನು ಯೋಚಿಸದೆ ಮೆಂಥಾಲಿನಿಂದಲೇ ಹೊರಡಿ ಎಂದು ನಮ್ಮ ಗುಂಪಿನ ಹಿರಿಯರು ಹೇಳಿದ್ದರಿಂದ ಎಷ್ಟು ದ್ರಾವಕ ವ್ಯರ್ಥವಾಯಿತೆಂದರೆ, ಬಟ್ಟಿ ಇಳಿಸಿದ ಎಥನಾಲಿನ ಲೆಕ್ಕಕ್ಕೆ ಕಚೇರಿಯಿಂದ ವಿವರಣೆ ಕೇಳಿದರು.

ತರಬೇತಿ ಕೇಂದ್ರದ ಶಿಕ್ಷಕ, ಹುಬ್ಬಳ್ಳಿ: ಪ್ರಶ್ನೆ ಕೇಳಿದ್ದು ಸ್ಥಿರತೆಯ ಬಗ್ಗೆ, ಮೇಡಂ. ಬಿ.ಎಸ್ಸಿ. ಹುಡುಗನನ್ನು ಗೊಂದಲಕ್ಕೆ ನೂಕಬೇಡಿ.

ಸಂಶೋಧಕಿ, ಬೆಂಗಳೂರು: ಎರಡೂ ಕುರ್ಚಿಗಳನ್ನು ಬರೆಯದೆ ದೊಡ್ಡ ಗುಂಪನ್ನು ಕೂರಿಸಿ ಎದ್ದುಹೋಗುವವರಿಗೆ ಮಾತ್ರ ಇದು ಗೊಂದಲ. ಅಂದ ಹಾಗೆ ಹೈಡ್ರಾಕ್ಸಿಲಿಗೆ ನೀವು ಹಾಕಿದ 0.9 ಯಾವ ದ್ರಾವಕದ್ದು? ಹೈಡ್ರೋಜನ್ ಬಂಧ ಮಾಡುವ ದ್ರಾವಕದಲ್ಲಿ ಅದು ಸರಿಸುಮಾರು ಅಷ್ಟಿರುತ್ತದೆ, ಇಲ್ಲದ ಕಡೆ 0.5ರಿಂದ 0.6ಕ್ಕೆ ಇಳಿಯುತ್ತದೆ.

ತರಬೇತಿ ಕೇಂದ್ರದ ಶಿಕ್ಷಕ, ಹುಬ್ಬಳ್ಳಿ: ಕೋಷ್ಟಕದಲ್ಲಿದ್ದದ್ದನ್ನು ಹಾಕಿದ್ದೇನೆ. ಪ್ರಶ್ನೆಪತ್ರಿಕೆಯಲ್ಲಿ ದ್ರಾವಕದ ಹೆಸರು ಕೊಟ್ಟ ದಿನ ನಿಮ್ಮ ಅಂಕಿಯನ್ನು ಹಾಕುತ್ತೇನೆ.

ಬಿ.ಎಸ್ಸಿ. ಅಂತಿಮ ವರ್ಷ, ದಾವಣಗೆರೆ: ಎಲ್ಲರಿಗೂ ವಂದನೆಗಳು. ನನ್ನ ಚಿತ್ರದಲ್ಲಿ ಮೀಥೈಲ್ 5ರಲ್ಲಿಯೇ ಇದೆ, ಹೈಡ್ರಾಕ್ಸಿಲ್ ಮೇಲೆ, ಐಸೊಪ್ರೊಪೈಲ್ ಕೆಳಗೆ. ಆದರೆ ಮೀಥೈಲಿನ ಗೆರೆ ತುಂಡು ಗೆರೆಯೋ ದಪ್ಪ ಗೆರೆಯೋ ಎಂಬುದು ನಕಲು ಪ್ರತಿಯಲ್ಲಿ ಸ್ಪಷ್ಟವಾಗಿಲ್ಲ.

ಎಂ.ಎಸ್ಸಿ. ಮುಗಿಸಿದವನು, ಕಲಬುರಗಿ: ತುಂಡು ಗೆರೆಯಾಗಿದ್ದರೆ ಅದು ಐಸೊಮೆಂಥಾಲೇ. ನಾನು ಆಗಲೇ ಹೇಳಿದೆ. ಮೂಲ ಪ್ರತಿಯನ್ನು ತರಿಸಿ ನೋಡಿ, ನಕಲಿಗೆ ಹಣ ಕೊಟ್ಟಿದ್ದರೆ ರಸೀದಿಯನ್ನು ಇಟ್ಟುಕೊಳ್ಳಿ.