ಬಾಟಲಿ ಪಾಲಿಯೆಸ್ಟರ್ ಟೀ-ಶರ್ಟ್: ಹೊಸದಕ್ಕಿಂತ ಒರಟೇ? ಎಳೆ ಹೆಚ್ಚು ಉದುರುತ್ತದೆಯೇ?

ಸುಮಾ, ಮೈಸೂರು: ನಮ್ಮ ಓಟದ ಬಳಗಕ್ಕೆ ಟೀ-ಶರ್ಟ್ ಮಾಡಿಸಬೇಕು. ತಿರುಪ್ಪೂರಿನವರೊಬ್ಬರು ಎರಡು ಮಾದರಿ ಕಳಿಸಿದ್ದಾರೆ, ಎರಡೂ 140 ಜಿಎಸ್‌ಎಂ. ಒಂದು ಮಾಮೂಲಿ ಪಾಲಿಯೆಸ್ಟರ್, ಇನ್ನೊಂದು ನೀರಿನ ಬಾಟಲಿಯಿಂದ ಮಾಡಿದ್ದು, ಬೆಲೆ ಸ್ವಲ್ಪ ಜಾಸ್ತಿ. ಬಾಟಲಿಯದು ಕೈಗೆ ಒರಟಾಗಿದೆ. ಬಾಳಿಕೆ ಕಡಿಮೆಯೇ? ಒಗೆದಾಗ ಪ್ಲಾಸ್ಟಿಕ್ ಎಳೆ ಹೆಚ್ಚು ಬಿಡುತ್ತದೆಯೇ?

ಪ್ರಕಾಶ್: ಧೈರ್ಯವಾಗಿ ತಗೊಳ್ಳಿ ಮೇಡಂ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಇಂಡಿಯನ್ ಆಯಿಲ್‌ನವರು ಬಾಟಲಿ ಬಟ್ಟೆಯ ಸಮವಸ್ತ್ರ ಬಿಡುಗಡೆ ಮಾಡಿದರಲ್ಲ, ಒಂದು ಜೊತೆಗೆ ಸುಮಾರು 28 ಬಾಟಲಿ. ಅದೇ ವಾರ ಪ್ರಧಾನಿ ಅಂಥದ್ದೇ ಜಾಕೆಟ್ ಹಾಕಿಕೊಂಡು ಸಂಸತ್ತಿಗೆ ಹೋಗಿದ್ದರು. ಬಾಟಲಿಯೂ ಪಾಲಿಯೆಸ್ಟರ್ ಬಟ್ಟೆಯೂ ಪೆಟ್ ಅನ್ನುವ ಒಂದೇ ಪ್ಲಾಸ್ಟಿಕ್, ಹಳೆಯದೇನು ಹೊಸದೇನು.

ವಿನಯ್: ಅಷ್ಟು ಸುಲಭ ಅಲ್ಲ ಸರ್. ಪೆಟ್‌ನಂಥ ಪಾಲಿಮರ್ ಅಂದರೆ ಅಣುಗಳ ಉದ್ದ ಸರಪಳಿ, ಮತ್ತೆ ಕರಗಿಸಿದಾಗ ಅದು ತುಂಡಾಗುತ್ತದೆ. ಸರಪಳಿ ಗಿಡ್ಡವಾದರೆ ಎಳೆಯ ಶಕ್ತಿ ಕಡಿಮೆ. ಹಾಗಾಗಿ ಬಾಟಲಿ ನೂಲು ಹೊಸ ನೂಲಿಗಿಂತ ಯಾವಾಗಲೂ ದುರ್ಬಲ.

ನಾಗರಾಜಪ್ಪ, ದೊಡ್ಡಬಳ್ಳಾಪುರ: ನಾನು ಪಾಲಿಯೆಸ್ಟರ್ ನೂಲಿನ ಕಾರ್ಖಾನೆಯಲ್ಲಿ ಗುಣಮಟ್ಟ ನೋಡಿಕೊಳ್ಳುತ್ತಿದ್ದೆ, ಈಗ ಮಗ್ಗ ನಡೆಸುತ್ತೇನೆ. ವಿನಯ್ ಹೇಳಿದ ಸರಪಳಿ ಮಾತು ನಿಜ, ಆದರೆ "ಯಾವಾಗಲೂ" ಅನ್ನುವುದು ಸರಿಯಲ್ಲ. ಸರಪಳಿ ಎಷ್ಟು ಉದ್ದ ಅನ್ನುವುದನ್ನು ಕಾರ್ಖಾನೆಯಲ್ಲಿ ಐವಿ ಅಂತ ಅಳೆಯುತ್ತಾರೆ. ಬಾಟಲಿಯ ಪೆಟ್‌ಗೆ ಅದು ಸುಮಾರು 0.76ರಿಂದ 0.84. ಬಟ್ಟೆಯ ನೂಲಿಗೆ 0.62ರ ಆಸುಪಾಸು ಇದ್ದರೆ ಸಾಕು. ಅಂದರೆ ಬಾಟಲಿ ಹೊರಡುವಾಗಲೇ ಮೇಲಿನ ಮೆಟ್ಟಿಲಲ್ಲಿರುತ್ತದೆ, ಕರಗಿಸಿದಾಗ ಸ್ವಲ್ಪ ಇಳಿದರೂ ನೂಲಿಗೆ ಬೇಕಾದಷ್ಟು ಉಳಿಯುತ್ತದೆ.

ಕೆಡುವುದು ಬೇರೆ ಕಡೆ. ಒಂದು, ತೇವ. ಕರಗಿಸುವ ಮೊದಲು ಬಾಟಲಿ ಚೂರನ್ನು ಹತ್ತು ಲಕ್ಷದಲ್ಲಿ 50 ಭಾಗಕ್ಕಿಂತ ಕಡಿಮೆ ನೀರು ಉಳಿಯುವ ಹಾಗೆ ಒಣಗಿಸಬೇಕು. ಆತುರಪಟ್ಟರೆ 280 ಡಿಗ್ರಿ ಕಾವಿನಲ್ಲಿ ಆ ನೀರೇ ಸರಪಳಿಯನ್ನು ಕತ್ತರಿಸುತ್ತದೆ. ಇನ್ನೊಂದು, ಕಲಬೆರಕೆ. ಚೂರನ್ನು ನೀರಿಗೆ ಹಾಕಿದರೆ ಮುಚ್ಚಳದ ಪ್ಲಾಸ್ಟಿಕ್ ತೇಲುತ್ತದೆ, ಪೆಟ್ ಮುಳುಗುತ್ತದೆ, ಬೇರ್ಪಡಿಸುವುದು ಸುಲಭ. ಆದರೆ ಕೆಲವು ಲೇಬಲ್‌ಗಳು ಪಿವಿಸಿಯವು, ಅದೂ ಪೆಟ್ ಜೊತೆಗೇ ಮುಳುಗುತ್ತದೆ. ಅದು ಒಂದಿಷ್ಟು ಉಳಿದರೂ ಕರಗುವಾಗ ಆಮ್ಲ ಬಿಟ್ಟು ಮಾಲನ್ನು ಹಳದಿ ಮಾಡುತ್ತದೆ, ಸರಪಳಿಯನ್ನೂ ಕೆಡಿಸುತ್ತದೆ. ಸೋಸಿದರೂ ಉಳಿಯುವ ಕಸ ನೂಲು ಹೊರಬರುವ ಸಣ್ಣ ತೂತಿಗೆ ಸಿಕ್ಕಿ ಎಳೆ ಹರಿಯುತ್ತದೆ. ಹರಿದ ಎಳೆಯ ತುದಿ ಬಟ್ಟೆಯ ಮೇಲೆ ಕೂದಲಿನ ಹಾಗೆ ಎದ್ದು ನಿಲ್ಲುತ್ತದೆ. ಈ ಕೆಲಸ ನೆಟ್ಟಗೆ ಮಾಡುವ ಕಾರ್ಖಾನೆಯ ನೂಲು ನನ್ನ ಮಗ್ಗದ ಮೇಲೆ ಹೊಸದರಷ್ಟೇ ಚೆನ್ನಾಗಿ ಓಡಿದೆ.

ರೇಖಾ, ಹುಬ್ಬಳ್ಳಿ: ನಮ್ಮನ್ಯಾಗ ಒಂದು ಮೆತ್ತನ ಹೊದಿಕಿ ಐತ್ರಿ, ಬಾಟಲಿದಂತ ಚೀಟಿ ಇತ್ತು. ಒಗದಾಗೊಮ್ಮೆ ಬಕೆಟ್ ತುಂಬ ಜುಂಗು ಬರತಾವು. ಮಾತ ಬ್ಯಾಡ, ಬಾಟಲಿ ಬಟ್ಟಿ ತಗೋಬ್ಯಾಡ್ರಿ.

ನಾಗರಾಜಪ್ಪ, ದೊಡ್ಡಬಳ್ಳಾಪುರ: ರೇಖಾ ಅವರೇ, ಆ ಹೊದಿಕೆ ಮೆತ್ತಗಾಗಲೆಂದು ಅದರ ಮೈಯನ್ನು ಮುಳ್ಳು ಬ್ರಶ್‌ನಿಂದ ಕೆದರಿರುತ್ತಾರೆ. ಹಾಗೆ ಕೆದರಿದ ಬಟ್ಟೆ ಹೊಸ ಪಾಲಿಯೆಸ್ಟರ್ ಆಗಿದ್ದರೂ ಉದುರುತ್ತದೆ. ಟೀ-ಶರ್ಟಿಗೆ ಅದರಿಂದ ಲೆಕ್ಕ ಹಾಕಲಾಗದು.

ಸುಮಾ ಅವರೇ, ಒಂದು ಕೆಲಸ ಮಾಡಿ. ಎರಡೂ ಮಾದರಿಯ ಅಂಚಿನಿಂದ ಒಂದೊಂದು ನೂಲು ಎಳೆದು, ಹುರಿ ಬಿಚ್ಚಿ, ಎರಡು ತುದಿ ಹಿಡಿದು ಮೆಲ್ಲಗೆ ಜಗ್ಗಿ. ಸುಮಾರು 4 ಸೆಂಟಿಮೀಟರಿನ ಗಿಡ್ಡ ಎಳೆಗಳಾಗಿ ಜಾರಿ ಬಿಟ್ಟುಕೊಂಡರೆ ಅದು ಹತ್ತಿಯ ಹಾಗೆ ನೂತ ಸ್ಪನ್ ನೂಲು. ಉದ್ದಕ್ಕೂ ಬಿಡದೆ ಹಿಡಿದುಕೊಂಡರೆ ತುಂಡಿಲ್ಲದ ಉದ್ದ ಎಳೆಗಳ ಫಿಲಮೆಂಟ್ ನೂಲು.

ಅನಿತಾ, ಮಂಗಳೂರು: ಎಲ್ಲವನ್ನೂ ಬಟ್ಟೆಯ ರಚನೆಯ ಮೇಲೆ ಹಾಕಬೇಡಿ ಸರ್. ಟರ್ಕಿಯಲ್ಲಿ ಎರಡೂ ಬಗೆಯ ನೂಲಿನಿಂದ ಹೆಣೆದ ಬಟ್ಟೆಯನ್ನು ಹೋಲಿಸಿ ಒಗೆದು ನೋಡಿದಾಗ, ಮರುಬಳಕೆಯದು ಸುಮಾರು 2.3 ಪಟ್ಟು ಹೆಚ್ಚು ಎಳೆ ಬಿಟ್ಟಿತ್ತು. ದೊಡ್ಡ ವ್ಯತ್ಯಾಸ ಕಾಣದ ಅಧ್ಯಯನಗಳೂ ಇವೆ, ಒಪ್ಪುತ್ತೇನೆ. ಆದರೆ "ಒಳ್ಳೆ ಕಾರ್ಖಾನೆಯಾದರೆ ಚಿಂತೆಯಿಲ್ಲ" ಅಂದರೆ ಸಾಲದು. ಕೊಳ್ಳುವವರಿಗೆ ಕಾರ್ಖಾನೆ ಕಾಣುವುದಿಲ್ಲ.

ನಾಗರಾಜಪ್ಪ, ದೊಡ್ಡಬಳ್ಳಾಪುರ: ಕಾಣುವುದಿಲ್ಲ, ನಿಜ. ಇನ್ನೊಂದು ಮಾತು ನಿಮ್ಮ ಕಡೆಗೇ ವಾಲುತ್ತದೆ, ಹೇಳಿಬಿಡುತ್ತೇನೆ. ಉಜ್ಜಿದಾಗ ಎಳೆಗಳು ಸುತ್ತಿಕೊಂಡು ಪಾಲಿಯೆಸ್ಟರ್ ಬಟ್ಟೆಯ ಮೇಲೆ ಸಣ್ಣ ಗುಳ್ಳೆಗಳಾಗಿ ಕೂರುವುದು ಎಳೆ ಗಟ್ಟಿಯಾಗಿರುವುದರಿಂದ. ಗಂಟು ಕಟ್ಟಿಕೊಂಡರೂ ಕಳಚಿ ಬೀಳುವುದಿಲ್ಲ. ಗುಳ್ಳೆ ಬೇಡವೆಂದು ಬೇಕೆಂದೇ ಐವಿ ಇಳಿಸಿ ಎಳೆ ತಯಾರಿಸುವುದುಂಟು, ಆಗ ಗುಳ್ಳೆ ಮುರಿದು ಉದುರಿಹೋಗುತ್ತದೆ. ಆದ್ದರಿಂದ ಹತ್ತಾರು ಸಲ ಒಗೆದರೂ ಮೈ ನುಣುಪಾಗಿದೆ ಎಂದ ಮಾತ್ರಕ್ಕೆ ಎಳೆ ಬಿಟ್ಟಿಲ್ಲ ಅನ್ನುವಂತಿಲ್ಲ. ಉದುರಿದ್ದೆಲ್ಲ ನೀರಿಗೆ ಹೋಗಿರಬಹುದು.

ವಿನಯ್: ಇದು ನನಗೆ ಹೊಸದು. ಹಾಗಾದರೆ ಗುಳ್ಳೆ ಕಡಿಮೆಯೆಂದು ಪರೀಕ್ಷೆಯಲ್ಲಿ 5ಕ್ಕೆ 4 ಅಂಕ ಬಂದ ಬಟ್ಟೆ ಹೆಚ್ಚು ಉದುರುವುದೂ ಇರಬಹುದು!

ಅನಿತಾ, ಮಂಗಳೂರು: ಹೌದು, ಅದಕ್ಕೇ ಆ ಅಂಕವನ್ನು ಉದುರುವಿಕೆಯ ಅಳತೆಯಾಗಿ ತೆಗೆದುಕೊಳ್ಳಬಾರದು. ತಯಾರಕರು ಕೊಡುವ ವರದಿಯಲ್ಲಿ ಸಾಮಾನ್ಯವಾಗಿ ಇರುವುದು ಗುಳ್ಳೆಯ ಅಂಕವೇ.

ಸುಮಾ, ಮೈಸೂರು: ನಾಗರಾಜಪ್ಪನವರೇ, ನೂಲು ಎಳೆದು ನೋಡಿದೆ. ಮಾಮೂಲಿಯದು ಉದ್ದಕ್ಕೂ ಬಂತು. ಬಾಟಲಿಯದು ಜಗ್ಗಿದ ತಕ್ಷಣ ಗಿಡ್ಡ ಎಳೆಗಳಾಗಿ ಬಿಟ್ಟುಕೊಂಡಿತು.

ನಾಗರಾಜಪ್ಪ, ದೊಡ್ಡಬಳ್ಳಾಪುರ: ಹಾಗಿದ್ದರೆ ನಿಮ್ಮ ಕೈಯಲ್ಲಿರುವುದು ಹೊಸದು-ಹಳೆಯದರ ಹೋಲಿಕೆಯೇ ಅಲ್ಲ, ಫಿಲಮೆಂಟ್ ಮತ್ತು ಸ್ಪನ್ ನೂಲಿನ ಹೋಲಿಕೆ. ಸ್ಪನ್ ನೂಲಿನಲ್ಲಿ ಸಾವಿರಾರು ತುದಿಗಳು ಹೊರಗೆ ಇಣುಕುತ್ತವೆ, ಕೈಗೆ ತಾಕುವುದೂ ಉಜ್ಜಿದಾಗ ಕಳಚುವುದೂ ಅವೇ. ಬಾಟಲಿಯದನ್ನೇ ಫಿಲಮೆಂಟಿನಲ್ಲಿ ಕೇಳಿ, ಎರಡಕ್ಕೂ ಒಂದೇ ಡೆನಿಯರ್, ಅಂದರೆ ನೂಲಿನ ದಪ್ಪದ ಅಳತೆ, ಮತ್ತು ಒಂದೇ ಎಳೆ ಲೆಕ್ಕ ಇರಲಿ. 75 ಡೆನಿಯರ್ ನೂಲಿನಲ್ಲಿ 36 ಎಳೆ ಇದ್ದರೆ ಒಂದು ಥರ, 72 ಇದ್ದರೆ ಪ್ರತಿ ಎಳೆಯೂ ತೆಳ್ಳಗಾಗಿ ಬಟ್ಟೆ ಮೆತ್ತಗಾಗುತ್ತದೆ. ಎಳೆ ತೆಳ್ಳಗಾದಷ್ಟೂ ಕಸ ಸಿಕ್ಕಿ ಹರಿಯುವುದು ಹೆಚ್ಚು. ಆದ್ದರಿಂದ ಬಾಟಲಿ ಮಾಲಿನಲ್ಲಿ 72 ಕೊಡಲು ಹಿಂಜರಿದರೆ ಅಚ್ಚರಿಪಡಬೇಡಿ.

ಪ್ರಕಾಶ್: ಅದು ನಿಜವಾಗಿ ಬಾಟಲಿಯದೇ ಅಂತ ಸುಟ್ಟು ನೋಡಿದರೆ ತಿಳಿಯುತ್ತದಾ?

ನಾಗರಾಜಪ್ಪ, ದೊಡ್ಡಬಳ್ಳಾಪುರ: ಇಲ್ಲ. ಎರಡೂ ಒಂದೇ ಥರ ಕರಗಿ ಕಪ್ಪು ಮಣಿ ಕಟ್ಟುತ್ತವೆ. ಕಾಗದವೇ ಗತಿ. ಗ್ಲೋಬಲ್ ರೀಸೈಕಲ್ಡ್ ಸ್ಟ್ಯಾಂಡರ್ಡ್‌ನ ಪ್ರಮಾಣಪತ್ರ ಕಾರ್ಖಾನೆಯ ಹೆಸರಿಗಿದ್ದರೆ ಸಾಲದು, ನಿಮಗೆ ಬರುವ ಆ ಮಾಲಿಗೇ ಬರೆದ ಟ್ರಾನ್ಸಾಕ್ಷನ್ ಸರ್ಟಿಫಿಕೇಟ್ ಕೇಳಿ. ಬೇಕಾದಷ್ಟನ್ನೂ ಒಂದೇ ಲಾಟ್‌ನಲ್ಲಿ ತರಿಸಿಕೊಳ್ಳಿ. ಬಾಟಲಿ ಮಾಲು ಲಾಟ್‌ನಿಂದ ಲಾಟ್‌ಗೆ ಬಣ್ಣ ಹಿಡಿಯುವುದರಲ್ಲಿ ಬದಲಾಗುತ್ತದೆ, ಆರು ತಿಂಗಳು ಬಿಟ್ಟು ಹತ್ತು ಅಂಗಿ ಮತ್ತೆ ತರಿಸಿದರೆ ನೀಲಿ ಹೊಂದುವುದಿಲ್ಲ.

ರೇಖಾ, ಹುಬ್ಬಳ್ಳಿ: ಹಂಗಾದ್ರ ನನ್ನ ಹೊದಿಕಿ ಏನ ಮಾಡ್ಲಿ?

ಅನಿತಾ, ಮಂಗಳೂರು: ಪದೇ ಪದೇ ಒಗೆಯಬೇಡಿ ಅಕ್ಕ, ಬಿಸಿಲಿಗೆ ಹಾಕಿ ಕೊಡವಿ. ಮಷಿನ್ನಿಗೆ ಹಾಕುವುದಾದರೆ ತುಂಬ ನೀರು ಹಿಡಿಯುವ ಡೆಲಿಕೇಟ್ ಬೇಡ. ಮೃದು ಅಂತ ಹೆಸರಿದ್ದರೂ, ಬಟ್ಟೆಗೆ ಹೋಲಿಸಿ ನೀರು ಹೆಚ್ಚಿದ್ದಷ್ಟೂ ಎಳೆ ಹೆಚ್ಚು ಬಿಡುತ್ತದೆ ಎಂದು ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದವರು 2019ರಲ್ಲಿ ತೋರಿಸಿದ್ದಾರೆ. ತಣ್ಣೀರು, ಚಿಕ್ಕ ಸೈಕಲ್ ಸಾಕು.

ಸುಮಾ ಅವರೇ, ಫಿಲಮೆಂಟ್ ಮಾದರಿ ಬಂದಮೇಲೆ ಎರಡನ್ನೂ ಮೊದಲು ನಾಲ್ಕೈದು ಸಲ ಒಗೆಯಿರಿ, ಕತ್ತರಿಸಿ ಹೊಲಿದಾಗಿನ ಧೂಳು ಹೋಗಲಿ. ಆಮೇಲೆ ಬೇರೆ ಬೇರೆ ಬಕೆಟ್‌ನಲ್ಲಿ ಅಷ್ಟಷ್ಟೇ ನೀರು ಹಾಕಿ ಒಗೆದು, ಆ ನೀರನ್ನು ಬಿಳಿ ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ ನೋಡಿ. ಬಟ್ಟೆ ಗಾಢ ಬಣ್ಣದ್ದಾದರೆ ಬರಿಗಣ್ಣಿಗೇ ಸ್ವಲ್ಪ ಮಟ್ಟಿಗೆ ಕಾಣುತ್ತದೆ. ಅಂಚು ಹೊಲಿಯದ ತುಂಡು ಇಟ್ಟರೆ ಕತ್ತರಿಸಿದ ಅಂಚೇ ಉದುರಿ ಲೆಕ್ಕ ಕೆಡಿಸುತ್ತದೆ, ಪೂರ್ತಿ ಹೊಲಿದ ಅಂಗಿಯನ್ನೇ ತರಿಸಿ.

ಸುಮಾ, ಮೈಸೂರು: ಎರಡೂ ಕಡು ನೀಲಿಯಲ್ಲಿ, 75 ಡೆನಿಯರ್ 72 ಎಳೆಯದು ಬೇಕೆಂದು ಇವತ್ತೇ ಬರೆಯುತ್ತೇನೆ. ಕೊಡದಿದ್ದರೆ 36ರಲ್ಲೇ ಎರಡನ್ನೂ ಕೇಳುತ್ತೇನೆ.