ಪದಚರ್ಚೆ: ರೇಷ್ಮೆ ಹುಳದ ‘ಜ್ವರ’ – ಹಳೇ ಲೇಖನದ ತಲೆಬರಹದಲ್ಲಿ ಇರಲೋ, ಬೇಡವೋ?

ಎಲ್ಲರಿಗೂ ನಮಸ್ಕಾರ. ಶಿಡ್ಲಘಟ್ಟದಿಂದ ಬರೆಯುತ್ತಿದ್ದೇನೆ. ರೇಷ್ಮೆ ಸಾಕುವವರಿಗಾಗಿ ನಾವು ನಡೆಸುವ ತಾಣದಲ್ಲಿ ಒಂದು ಹಳೇ ಲೇಖನ ಇದೆ. ಬರೆದವರು ನಿವೃತ್ತ ರೇಷ್ಮೆ ಅಧಿಕಾರಿ, ವಿಷಯ ಚೆನ್ನಾಗಿ ಬಲ್ಲವರು. ಅದರ ತಲೆಬರಹ ‘ರೇಷ್ಮೆ ಹುಳುವಿನ ಪೊರೆ ಬಿಡುವ ಹಂತದ ನಿರ್ವಹಣೆ’. ಹೋದ ವರ್ಷ ತುಂಬಾ ಜನ ಓದುತ್ತಿದ್ದರು. ಈಗ ಅರ್ಧಕ್ಕಿಂತ ಕಡಿಮೆ ಆಗಿದ್ದಾರೆ. ಲೇಖನವನ್ನು ಹೊಸದು ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ.

ನಮ್ಮ ಕಡೆ ಪೊರೆ ಬಿಡುವುದಕ್ಕೆ ಯಾರೂ ಪೊರೆ ಅನ್ನುವುದಿಲ್ಲ. ‘ಹುಳ ಎರಡನೇ ಜ್ವರಕ್ಕೆ ಕೂತಿದೆ’ ಅಂತಲೇ ಮಾತು. ಲೇಖನದ ಒಳಗೆ ಈ ಪದ ಒಂದೇ ಕಡೆ ಇದೆ. ತಲೆಬರಹದಲ್ಲೂ ಅದನ್ನೇ ಹಾಕಬಹುದಾ? ಸಾಕಾಣಿಕೆ ಗೊತ್ತಿಲ್ಲದವರು ಅದನ್ನು ಕಾಯಿಲೆ ಅಂದುಕೊಳ್ಳುತ್ತಾರೆ ಅನ್ನುವುದು ನನ್ನ ಚಿಂತೆ. ಜೊತೆಗೆ, ಹೊಸದು ಮಾಡಿದ ದಿನಾಂಕದ ಮುಂದೆ ‘ಪರಿಷ್ಕೃತ’, ‘ನವೀಕರಿಸಿದ್ದು’, ‘ತಿದ್ದಿದ್ದು’ – ಇವುಗಳಲ್ಲಿ ಯಾವುದು ಸರಿ?

– ಶಿಡ್ಲಘಟ್ಟದ ಸಂಪಾದಕಿ

*

ಮೇಡಂ, ಪದ ಬದಲಿಸುವ ಮೊದಲು ಯಾವ ಓದುಗರು ಹೋದರು ಅಂತ ನೋಡಿ. ಪದದಿಂದಲೇ ಹೋದರು ಅಂತ ಈಗಲೇ ಹೇಳಲು ಆಗುವುದಿಲ್ಲ.

ಜನ ಏನು ಹುಡುಕಿ ನಿಮ್ಮ ತಾಣಕ್ಕೆ ಬಂದರು ಅಂತ ತೋರಿಸುವ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಆ ಒಂದೇ ಪುಟವನ್ನು ಆರಿಸಿಕೊಳ್ಳಿ. ಕಳೆದ ಮೂರು ತಿಂಗಳನ್ನು ಹೋದ ವರ್ಷದ ಅದೇ ಮೂರು ತಿಂಗಳ ಜೊತೆ ಹೋಲಿಸಿ. ಅಲ್ಲಿ 16 ತಿಂಗಳ ಲೆಕ್ಕ ಮಾತ್ರ ಉಳಿಯುತ್ತದೆ, ಹಾಗಾಗಿ ತಡ ಮಾಡಬೇಡಿ. ಹಿಂದಿನ ತಿಂಗಳ ಜೊತೆ ಹೋಲಿಸಿದರೆ ಸೀಸನ್ನಿನ ಏರಿಳಿತ ಸೇರಿಕೊಂಡು ದಾರಿ ತಪ್ಪಿಸುತ್ತದೆ.

ಆಮೇಲೆ Queries ಪಟ್ಟಿಯಲ್ಲಿ ಒಂದೊಂದು ಹುಡುಕು ಮಾತಿಗೂ ಮೂರು ಅಂಕಿಗಳನ್ನು ಒಟ್ಟಿಗೆ ಓದಿ. ಪುಟ ಮೊದಲಿನಷ್ಟೇ ಸಲ ಕಾಣಿಸಿ, ಸ್ಥಾನವೂ ಹಾಗೇ ಇದ್ದು, ಕ್ಲಿಕ್ ಮಾತ್ರ ಇಳಿದಿದ್ದರೆ ತಲೆಬರಹ ಸೆಳೆಯುತ್ತಿಲ್ಲ, ಇಲ್ಲವೇ ಉತ್ತರ ಹುಡುಕು ಪುಟದಲ್ಲೇ ಸಿಗುತ್ತಿದೆ. ಸ್ಥಾನ ಹಾಗೇ ಇದ್ದು ಕಾಣಿಸುವುದೇ ಕಡಿಮೆಯಾಗಿದ್ದರೆ ಹುಡುಕುವವರೇ ಕಡಿಮೆ ಆಗಿದ್ದಾರೆ. ಅದಕ್ಕೆ ನೀವು ಏನೂ ಮಾಡಲಾರಿರಿ. ಸ್ಥಾನವೇ ಕೆಳಗೆ ಹೋಗಿದ್ದರೆ ಬೇರೆ ಯಾರೋ ನಿಮಗಿಂತ ಚೆನ್ನಾಗಿ ಉತ್ತರ ಕೊಟ್ಟಿದ್ದಾರೆ. ಲೇಖನ ತಿದ್ದಬೇಕಾಗಿರುವುದು ಆಗ.

ನಮ್ಮ ಜನ ಕನ್ನಡದಲ್ಲೂ ಟೈಪ್ ಮಾಡುತ್ತಾರೆ, ಇಂಗ್ಲಿಷ್ ಅಕ್ಷರದಲ್ಲೂ ಮಾಡುತ್ತಾರೆ. ಅವು ಬೇರೆ ಬೇರೆ ಸಾಲಾಗಿ ಬರುತ್ತವೆ. ಒಟ್ಟಿಗೆ ನೋಡಲು ಫಿಲ್ಟರಿನಲ್ಲಿ ರೆಜೆಕ್ಸ್ ಆರಿಸಿ ಇದನ್ನು ಹಾಕಿ:

```
ಜ್ವರ|jwara|jvara
```

ಅದೇ ರೀತಿ ‘ಪೊರೆ’ಗೆ ಬೇರೆಯಾಗಿ ಹಾಕಿ ನೋಡಿ. ಒಂದು ಎಚ್ಚರಿಕೆ. ತೀರಾ ಕಡಿಮೆ ಜನ ಹುಡುಕಿದ ಮಾತುಗಳನ್ನು ಗೂಗಲ್ ಈ ಪಟ್ಟಿಯಲ್ಲಿ ತೋರಿಸುವುದಿಲ್ಲ. ಕನ್ನಡದ ಸಣ್ಣ ತಾಣಗಳಲ್ಲಿ ಹೀಗೆ ಮರೆಯಾಗುವ ಪಾಲು ಜಾಸ್ತಿಯೇ ಇರಬಹುದು. ಸಾಲುಗಳನ್ನು ಕೂಡಿಸಿದರೆ ಮೇಲಿನ ಒಟ್ಟು ಮೊತ್ತ ಬರುವುದಿಲ್ಲ. ಪಟ್ಟಿಯಲ್ಲಿ ಇಲ್ಲದ ಮಾತ್ರಕ್ಕೆ ಆ ಪದವನ್ನು ಯಾರೂ ಹುಡುಕುವುದಿಲ್ಲ ಅನ್ನಬೇಡಿ.

– ತುಮಕೂರು

*

ಇಷ್ಟೆಲ್ಲ ಬೇಕಾ ಸರ್? ನಾನು ಕೋಲಾರದಲ್ಲಿ ಟೊಮೆಟೊ ಧಾರಣೆ ಬಗ್ಗೆ ಬರೆಯುತ್ತೇನೆ. ದಿನಾಂಕ ಬದಲಿಸಿದರೆ ಸಾಕು, ಪುಟ ಮೇಲೆ ಬರುತ್ತದೆ. ಗೂಗಲ್‌ಗೆ ಹೊಸದು ಇಷ್ಟ. ನನ್ನ ತೊಂದರೆಯೇ ಬೇರೆ. ಟೊಮೆಟೊ, ಟೊಮ್ಯಾಟೊ, ಟಮೋಟ ಅಂತ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಮೂರನ್ನೂ ತಲೆಬರಹದಲ್ಲಿ ತುಂಬಲಾ?

– ಕೋಲಾರ

*

ಕೋಲಾರದವರ ಮಾತು ಅವರ ವಿಷಯಕ್ಕೆ ಅರ್ಧ ಸರಿ. ಮಂಡಿಯ ಧಾರಣೆ ದಿನವೂ ಬದಲಾಗುತ್ತದೆ. ಅಲ್ಲಿ ಹೊಸ ಪುಟಕ್ಕೆ ಬೆಲೆ ಇದೆ, ಆದರೆ ಒಳಗಿನ ಧಾರಣೆಯೂ ಇವತ್ತಿನದೇ ಆಗಿರಬೇಕು. ಹುಳ ಪೊರೆ ಬಿಡುವ ಕ್ರಮ ದಿನದಿನಕ್ಕೆ ಬದಲಾಗುವುದಿಲ್ಲವಲ್ಲ? ಒಳಗೆ ಏನೂ ತಿದ್ದದೆ ದಿನಾಂಕ ಮಾತ್ರ ಬದಲಿಸುವುದು ಓದುಗರಿಗೆ ಸುಳ್ಳು ಹೇಳಿದಂತೆ. ಹಾಗೆ ಮಾಡಬೇಡಿ ಅಂತ ಗೂಗಲ್ಲೇ ಹೇಳುತ್ತದೆ. ತಲೆಬರಹದಲ್ಲಿ ಒಂದೇ ರೂಪ ಇಡಿ. ಇನ್ನೊಂದು ರೂಪ ಒಳಗೆ ಸಹಜವಾಗಿ ಬಂದರೆ ಬರಲಿ.

– ತುಮಕೂರು

*

ಹುಳಕ್ಕೆ ಜ್ವರ ಅಂತ ನೋಡಿ ಬರೆಯುತ್ತಿದ್ದೇನಮ್ಮ. ಜ್ವರಕ್ಕೆ ಔಷಧಿ ಏನೂ ಬೇಡ. ಹುಳ ತಲೆ ಎತ್ತಿ ಅಲ್ಲಾಡದೆ ಕೂತರೆ ಸೊಪ್ಪು ನಿಲ್ಲಿಸಿ. ಹಾಸಿಗೆ ತೆಳ್ಳಗೆ ಹರಡಿ ಒಣಗಲು ಬಿಡಿ. ತೇವ ಇದ್ದರೆ ಸುಣ್ಣದ ಪುಡಿ ಉದುರಿಸಿ. ಒಂದು ದಿನದ ಆಸುಪಾಸು ಹಾಗೇ ಇರುತ್ತದೆ, ನಾಲ್ಕನೇ ಜ್ವರ ಸ್ವಲ್ಪ ಜಾಸ್ತಿ ಹೊತ್ತು.

ಜನ ಎಡವುವುದು ಜ್ವರ ಏಳುವಾಗ. ನಾಲ್ಕು ಹುಳ ಎದ್ದು ಓಡಾಡಿದ ತಕ್ಷಣ ಪಾಪ ಹಸಿದಿವೆ ಅಂತ ಸೊಪ್ಪು ಹಾಕುತ್ತಾರೆ. ನೂರಕ್ಕೆ ತೊಂಬತ್ತೈದು ಏಳುವ ತನಕ ಕಾಯಬೇಕು. ಇಲ್ಲದಿದ್ದರೆ ಎದ್ದವು ತಿಂದು ಮುಂದೆ ಹೋಗುತ್ತವೆ, ಉಳಿದವು ಸೊಪ್ಪಿನ ಕೆಳಗೆ ಸಿಕ್ಕಿಕೊಳ್ಳುತ್ತವೆ. ಕೊನೆಗೆ ಒಂದೇ ಮನೆಯಲ್ಲಿ ಕೆಲವು ಹಣ್ಣಾಗಿ ಗೂಡು ಕಟ್ಟುವ ಚಂದ್ರಿಕೆಗೆ ಬಂದಿರುತ್ತವೆ, ಕೆಲವು ಇನ್ನೂ ಸೊಪ್ಪು ಕೇಳುತ್ತಿರುತ್ತವೆ. ಎದ್ದ ಹುಳದ ತಲೆ ದೊಡ್ಡದಾಗಿ, ಚರ್ಮ ಸಡಿಲವಾಗಿ ಕಾಣುತ್ತದೆ. ಎದ್ದ ಮೇಲೆ ಸೋಂಕು ತಡೆಯುವ ವಿಜೇತ ಪುಡಿ ಹಾಕಿ, ಅರ್ಧ ಗಂಟೆ ಬಿಟ್ಟು ಸೊಪ್ಪು ಕೊಡಿ.

– ಚಿಂತಾಮಣಿ ಹತ್ತಿರದ ಸಾಕಾಣಿಕೆದಾರ

*

ಅಣ್ಣ, ನಾನು ಕೇಳಿದ್ದು ಪದದ ವಿಷಯ. ಆದರೆ ನಮ್ಮ ಲೇಖನದಲ್ಲಿ ಇಲ್ಲದ್ದನ್ನು ನೀವು ಕೊಟ್ಟಿರಿ, ತುಂಬಾ ಉಪಕಾರವಾಯಿತು. ಅದರಲ್ಲಿ ‘ಪೊರೆ ಕಳಚಿದ ನಂತರ ಆಹಾರ ನೀಡಬೇಕು’ ಅಂತ ಒಂದೇ ಸಾಲಿತ್ತು. ಎಷ್ಟು ಹುಳ ಎದ್ದ ಮೇಲೆ, ಎದ್ದದ್ದು ಹೇಗೆ ಗೊತ್ತಾಗುತ್ತದೆ ಅನ್ನುವುದು ಇರಲಿಲ್ಲ. ‘ಜ್ವರದಿಂದ ಎದ್ದ ಹುಳಕ್ಕೆ ಸೊಪ್ಪು ಯಾವಾಗ’ ಅಂತ ಹುಡುಕಿ ಬಂದವರಿಗೆ ಬೇಕಾಗಿದ್ದು ಅದೇ.

ತುಮಕೂರಿನ ಸರ್ ಹೇಳಿದಂತೆ ನೋಡಿದೆ. ಹೋದ ಓದುಗರಲ್ಲಿ ಹೆಚ್ಚಿನವರು ‘ಇವತ್ತಿನ ಗೂಡಿನ ರೇಟು’ ಹುಡುಕಿ ಬಂದವರು! ಲೇಖನದ ಕೊನೆಗೆ ಯಾವುದೋ ಒಂದು ವಾರದ ಶಿಡ್ಲಘಟ್ಟ ಮಾರುಕಟ್ಟೆಯ ಧಾರಣೆ ಹಾಕಿದ್ದರು, ಅದಕ್ಕೆ ಬರುತ್ತಿದ್ದರು. ಅವರಿಗೆ ಹಳೇ ರೇಟಿನಿಂದ ಏನು ಪ್ರಯೋಜನ? ಅವರನ್ನು ವಾಪಸ್ ತರುವ ಪ್ರಯತ್ನ ಬೇಡ ಅನ್ನಿಸಿತು. ಆ ಭಾಗವನ್ನೇ ತೆಗೆದೆ. ಮುಗಿದುಹೋದ ಸಹಾಯಧನದ ವಿವರವನ್ನೂ, ರೇಷ್ಮೆಯ ಚರಿತ್ರೆ ಹೇಳುವ ಉದ್ದ ಪೀಠಿಕೆಯನ್ನೂ ತೆಗೆದೆ.

ಪೊರೆ ಅಂತ ಹುಡುಕುವವರು ಕಡಿಮೆ, ಅಲ್ಲಿ ನಮ್ಮ ಸ್ಥಾನ ಕದಲಿಲ್ಲ. ಜ್ವರ ಅಂತ ಹುಡುಕಿದಾಗ ಮಾತ್ರ ಎರಡನೇ ಪುಟಕ್ಕೆ ಇಳಿದಿದ್ದೇವೆ. ಹಾಗಾಗಿ ತಲೆಬರಹ ಹೀಗಿಟ್ಟಿದ್ದೇನೆ: ‘ರೇಷ್ಮೆ ಹುಳ ಜ್ವರಕ್ಕೆ ಕೂತಾಗ, ಎದ್ದಾಗ ಏನು ಮಾಡಬೇಕು’. ಮೊದಲ ಸಾಲಿನಲ್ಲೇ ಇದು ಕಾಯಿಲೆ ಅಲ್ಲ, ಪೊರೆ ಬಿಡುವ ಹೊತ್ತು ಅಂತ ಬರೆದಿದ್ದೇನೆ. ಹಾಲುತೊಂಡೆ, ಸಪ್ಪೆ ರೋಗ ಹುಡುಕಿ ಬಂದವರಿಗೆ ಬೇರೆ ಪುಟದ ಕೊಂಡಿ ಕೊಟ್ಟಿದ್ದೇನೆ.

– ಶಿಡ್ಲಘಟ್ಟದ ಸಂಪಾದಕಿ

*

ಚೆನ್ನಾಗಿದೆ ಮೇಡಂ. ಪುಟದ ವಿಳಾಸ ಮಾತ್ರ ಬದಲಿಸಬೇಡಿ. ಅದರಲ್ಲಿ ಹಳೇ ಪದ ಇದ್ದರೂ ಇರಲಿ, ಬೇರೆಯವರು ಕೊಟ್ಟ ಕೊಂಡಿಗಳು ಆ ವಿಳಾಸಕ್ಕೇ ಬರುತ್ತವೆ. ಕನ್ಸೋಲ್‌ನಲ್ಲಿ ವಿಳಾಸ ಹಾಕಿ Request Indexing ಒತ್ತಿ. ನಾಲ್ಕಾರು ವಾರ ಮತ್ತೆ ತಿದ್ದಬೇಡಿ. ತಿದ್ದಿದರೆ ಯಾವ ಬದಲಾವಣೆಯಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಒಟ್ಟು ಕ್ಲಿಕ್ ನೋಡಬೇಡಿ, ರೇಟಿನವರು ಹೋದದ್ದರಿಂದ ಅದು ಇನ್ನೂ ಇಳಿಯಬಹುದು. ಜ್ವರದ ಫಿಲ್ಟರ್ ಹಾಕಿ ಅದರ ಸ್ಥಾನವನ್ನಷ್ಟೇ ನೋಡಿ.

ದಿನಾಂಕದ ಮುಂದೆ ನಾನಾದರೆ ‘ತಿದ್ದಿದ್ದು’ ಅಂತ ಹಾಕುತ್ತೇನೆ.

– ತುಮಕೂರು

*

‘ತಿದ್ದಿದ್ದು’ ಅಂದರೆ ಮೊದಲು ತಪ್ಪಿತ್ತು ಅಂತ ಆಗಲ್ವಾ? ‘ಪರಿಷ್ಕೃತ’ ಎಲ್ಲರಿಗೂ ಗೊತ್ತಿರುವ ಪದ. ಪುಸ್ತಕಗಳಲ್ಲೂ ಹಾಗೇ ಹಾಕುತ್ತಾರೆ.

– ಕೋಲಾರ

*

ಹಿರಿಯರು ಬರೆದ ಲೇಖನ, ಅವರಿಗೂ ತೋರಿಸಿ ಕೇಳಬೇಕು. ಸದ್ಯಕ್ಕೆ ‘ಹೊಸದಾಗಿ ಸೇರಿಸಿದ್ದು: ಜ್ವರ ಏಳುವಾಗಿನ ಗುರುತುಗಳು’ ಅಂತ ದಿನಾಂಕದ ಜೊತೆ ಹಾಕಿದ್ದೇನೆ. ಒಂದೇ ಪದದಲ್ಲಿ ಹೇಳಲು ಬೇರೆ ಯಾರಿಗಾದರೂ ಹೊಳೆದರೆ ತಿಳಿಸಿ.

– ಶಿಡ್ಲಘಟ್ಟದ ಸಂಪಾದಕಿ